ಟನ್ನಿನ ಲೆಕ್ಕ ಬಿಟ್ಟು ಚೀಲದ ಲೆಕ್ಕ ಹಿಡಿದೆ: ಶಹಾಪುರದ ನಮ್ಮ ಕೋಲ್ಡ್ ಸ್ಟೋರೇಜ್

ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಮ್ಮದು 1000 ಟನ್ನಿನದು. ಸಬ್ಸಿಡಿ ಲೆಕ್ಕದಲ್ಲಿ 3.4 ಘನ ಮೀಟರಿಗೆ ಒಂದು ಟನ್. ಆಲೂಗಡ್ಡೆಗೆ ಅದು ಸರಿ. ಒಣಮೆಣಸಿನಕಾಯಿ ಹಗುರ, ಜಾಗ ಮಾತ್ರ ಭಾಳ ನುಂಗುತ್ತದೆ. 40 ಕಿಲೋದ ಚೀಲ ಒತ್ತಿ ಒತ್ತಿ ಜೋಡಿಸಿದರೂ ಹಿಡಿಯೋದು ಸುಮಾರು 11 ಸಾವಿರ, ಅಂದರೆ 440 ಟನ್. ಸೀಸನ್ನಿಗೆ ಚೀಲಕ್ಕೆ 180 ರೂಪಾಯಿ ಬಾಡಿಗೆ. ನೂರಕ್ಕೆ 85 ತುಂಬಿದರೆ 17 ಲಕ್ಷದ ಆಸುಪಾಸು. ಕಟ್ಟಡ, ಪಫ್ ಪ್ಯಾನೆಲ್, ಕಂಪ್ರೆಸರ್, ಟ್ರಾನ್ಸ್‌ಫಾರ್ಮರ್, ಜನರೇಟರ್ ಸೇರಿ ಖರ್ಚಾಗಿದ್ದು 1 ಕೋಟಿ 40 ಲಕ್ಷ. ಜಾಗ ಸ್ವಂತದ್ದು. ಸಬ್ಸಿಡಿಗೆ ಟನ್ನಿಗೆ 8,000 ರೂಪಾಯಿ ಖರ್ಚಿನ ಮಿತಿ ಇತ್ತು, ಅದರ ಶೇ. 35 ಅಂದರೆ 28 ಲಕ್ಷ. ಅದೂ ಕೆಲಸ ಮುಗಿದ ಮೇಲೆ, ಸಾಲದ ಖಾತೆಗೆ.

ಬರೀ ಮೆಣಸಿನಕಾಯಿ ನಂಬಿದರೆ ಕಂತು ಕಟ್ಟೋದು ಆಗದ ಮಾತು. ಅದಕ್ಕೇ ಒಂದೇ ದೊಡ್ಡ ಹಾಲ್ ಬದಲು ನಾಲ್ಕು ಚೇಂಬರ್ ಮಾಡಿಸಿದೆ. "ನಾಲ್ಕ್ ಯಾಕಪಾ, ಒಂದೇ ಕಟ್ಟು, ಗ್ವಾಡಿ ಖರ್ಚ್ ಉಳೀತದ" ಅಂತ ಊರ ಹಿರಿಯರೊಬ್ಬರು ಜರಿದಿದ್ದರು. ಖರ್ಚು ಹತ್ತು ಲಕ್ಷ ಹೆಚ್ಚಾಗಿದ್ದು ಖರೆ. ಆದರೆ ಕಾಯಿಯ ಘಾಟು ಹುಣಸೆಗೆ ಹತ್ತಬಾರದು, ಮತ್ತೆ ಖಾಲಿ ಜಾಗ ತಂಪು ಮಾಡಿದರೂ ಕರೆಂಟ್ ತಿನ್ನೋದು ತಪ್ಪೋದಿಲ್ಲ. ಈಗ ಎರಡು ಚೇಂಬರಿನಲ್ಲಿ ಮೆಣಸಿನಕಾಯಿ, ಎರಡರಲ್ಲಿ ಬೀಜ ತೆಗೆದ ಹುಣಸೆ. ಹುಣಸೆ ತೂಕದ ಮಾಲು, ವರ್ಷಕ್ಕೆ ಕ್ವಿಂಟಲಿಗೆ 300. ಒಂದು ಚೇಂಬರಿಗೆ ಕಾಯಿಯಿಂದ ನಾಲ್ಕು ಲಕ್ಷದ ಮೇಲೆ ಬಂದರೆ ಹುಣಸೆಯಿಂದ ಐದು ಲಕ್ಷ ದಾಟುತ್ತದೆ. ಕಾಯಿ ದೀಪಾವಳಿ ಹೊತ್ತಿಗೆ ಖಾಲಿ ಆಗುತ್ತಾ ಬರುತ್ತದೆ. ಉಳಿದ ಚೀಲ ಒಂದೇ ಕಡೆ ಸರಿಸಿ ಇನ್ನೊಂದನ್ನು ಬಂದ್ ಮಾಡುತ್ತೇನೆ.

ಕರೆಂಟಿನ ದೊಡ್ಡ ಹೊಡೆತ ತುಂಬೋ ತಿಂಗಳಲ್ಲಿ. ಏಪ್ರಿಲ್ ಬಿಸಿಲಲ್ಲಿ ಕಾದ ಚೀಲ ಒಮ್ಮೆಲೇ ಒಳಗೆ ತಳ್ಳಿದರೆ ಕಂಪ್ರೆಸರ್ ನಿಲ್ಲದೇ ಓಡಿ ಬಿಲ್ 90 ಸಾವಿರ ಮುಟ್ಟುತ್ತದೆ. ಉಳಿದ ತಿಂಗಳು 50-60 ಸಾವಿರ. ನಾವು ನಸುಕಿನಲ್ಲಿ ಮಾತ್ರ ಒಳಗೆ ಹಾಕುತ್ತೇವೆ, ದಿನಕ್ಕೆ ಚೇಂಬರಿನ ಇಪ್ಪತ್ತನೇ ಒಂದು ಪಾಲು. ಜನರೇಟರಿನ ಯೂನಿಟ್ಟು ಮೂರ್ನಾಲ್ಕು ಪಟ್ಟು ತುಟ್ಟಿ, ಡೀಸೆಲ್ಲಿಗೆ ವರ್ಷಕ್ಕೆ ಬೇರೆಯೇ 60 ಸಾವಿರ ಇಡುತ್ತೇನೆ.

ಮಳೆಗಾಲದಲ್ಲಿ ಹೊರಗೆ ತೆಗೆಯುವಾಗ ಗೋಣಿಚೀಲ ಬೆವರುತ್ತದೆ. ಕೈಗೆ ತೇವ ಹತ್ತಿದರೆ ಲಾರಿಗೆ ಹಾಕಬಾರದು, ಕಾಯಿಗೆ ಬೂಸ್ಟು ಬರುತ್ತದೆ. ಮುಂದಿನ ಕೋಣೆಯಲ್ಲಿ ಒಂದು ದಿನ ಇಟ್ಟು ಕೊಡುತ್ತೇವೆ. ನಡುವೆ ಹುಳ ಬೀಳುತ್ತದೋ ಅಂತ ಒಂದಷ್ಟು ತೊಗರಿ ಚೀಲವನ್ನೂ ಇಟ್ಟು ನೋಡಿದೆ. ಹುಳ ಬೀಳಲಿಲ್ಲ, ಆದರೆ ಆ ಬಾಡಿಗೆಗೆ ತೊಗರಿ ರೈತ ಬರೋದಿಲ್ಲ. ಸಾದಾ ಗೋದಾಮು ಅವನಿಗೆ ಸಾಕು.

ಹೋದ ವರ್ಷ ಒಟ್ಟು 19 ಲಕ್ಷ ಬಂತು. ಕರೆಂಟ್, ಡೀಸೆಲ್, ಆಳು, ವಿಮೆ, ರಿಪೇರಿ ಕಳೆದು ಎಂಟು ಉಳಿಯಿತು. ಅಷ್ಟೂ ಕಂತಿಗೇ ಹೋಯಿತು. ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಏಳು ವರ್ಷದ್ದು, ಅದು ಮುಗಿಯೋದರೊಳಗೆ ಸಾಲದ ಅಸಲು ಅರ್ಧಕ್ಕೆ ಇಳಿಯಬೇಕು.