ಲೋಗೊದ ಮಾಸಿದ ಜಾಗಕ್ಕೆ ಮತ್ತೆ ಶಾಯಿ ತುಂಬುವುದು ಹೇಗೆ?

ಹಳೆಯ ಲೆಟರ್‌ಹೆಡ್ ಸ್ಕ್ಯಾನ್ ಮಾಡಿದ್ದೀರಿ. ಮೇಲಿನ ಕೆಂಪು ಲೋಗೊ ಒಂದು ಕಡೆ ಮಾಸಿದೆ, ಪಕ್ಕದಲ್ಲೇ ನೀರು ಬಿದ್ದ ಕಂದು ಕಲೆ. ಚೆನ್ನಾಗಿರುವ ಕಡೆಯಿಂದ ಕೆಂಪನ್ನು ಆರಿಸಿಕೊಂಡು ಬ್ರಷ್‌ನಲ್ಲಿ ಬಳಿದುಬಿಡೋಣ ಅನ್ನಿಸುತ್ತದೆ ಅಲ್ವಾ? ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ದೂರದಿಂದ ಸರಿ ಕಾಣುತ್ತಿತ್ತು, ಹತ್ತಿರದಿಂದ ನೋಡಿದರೆ ತೇಪೆ ಹಾಕಿದ ಹಾಗೆ. ಕಾಗದದ ನಾರು, ಶಾಯಿಯ ಸಣ್ಣ ಏರಿಳಿತ ಎಲ್ಲವೂ ಆ ಬಣ್ಣದ ಅಡಿ ಮುಚ್ಚಿಹೋಗುತ್ತವೆ.

ಅಚ್ಚಿನ ಶಾಯಿ ಕಾಗದದ ಮೇಲೆ ಬಣ್ಣದ ಗಾಜಿನ ಹಾಗೆ ಕೂತಿರುತ್ತದೆ. ಬೆಳಕು ಅದನ್ನು ದಾಟಿ ಕಾಗದ ಮುಟ್ಟಿ, ಮತ್ತೆ ಅದನ್ನೇ ದಾಟಿ ಹೊರಗೆ ಬರುತ್ತದೆ. ಶಾಯಿ ತೆಳುವಾದರೆ ಜಾಸ್ತಿ ಬೆಳಕು ವಾಪಸ್ ಬರುತ್ತದೆ. ಹಾಗಾಗಿ ಬಣ್ಣ ಬಳಿಯುವ ಬದಲು, ತೆಳುವಾದ ಗಾಜಿನ ಮೇಲೆ ಇನ್ನೊಂದು ಗಾಜು ಇಡಬೇಕು. ಜಿಂಪ್, ಫೋಟೊಶಾಪ್‌ಗಳಲ್ಲಿ Multiply ಲೇಯರ್ ಮಾಡುವುದು ಇದನ್ನೇ. ಕಲೆಯದು ತಿರುಗುಮುರುಗು. ಅದು ಬೇಡದ ಗಾಜು, ಅದನ್ನು ತೆಗೆಯಲು Divide.

ಸ್ಕ್ಯಾನ್ 600 ಡಿಪಿಐ, 48 ಬಿಟ್ ಕಲರ್‌ನಲ್ಲಿರಲಿ, ಟಿಫ್ ಆಗಿ ಉಳಿಸಿ. ಸ್ಕ್ಯಾನರಿನ ಆಟೊ ಕಲರ್, ಶಾರ್ಪನಿಂಗ್ ಎರಡನ್ನೂ ಆಫ್ ಮಾಡಿ. ಆಮೇಲೆ ದೊಡ್ಡದು ಮಾಡಿ ನೋಡಿ. ಕೆಂಪು ಒಂದೇ ಸಮ ಹರಡಿದ್ದರೆ ಈ ವಿಧಾನ ನಡೆಯುತ್ತದೆ. ಸಣ್ಣ ಸಣ್ಣ ಚುಕ್ಕಿಗಳಿಂದ ಆದ ಬಣ್ಣವಾದರೆ ಇದು ಬೇಡ. ಚುಕ್ಕಿಗಳ ನಡುವಿನ ಬಿಳಿ ಕಾಗದಕ್ಕೂ ಬಣ್ಣ ಹತ್ತಿಬಿಡುತ್ತದೆ.

ಮೊದಲು ಕಲೆ ತೆಗೆಯಿರಿ, ಇಲ್ಲದಿದ್ದರೆ ಶಾಯಿಯ ಅಳತೆಯಲ್ಲಿ ಕಲೆಯ ಬಣ್ಣವೂ ಸೇರಿಕೊಳ್ಳುತ್ತದೆ. ಕಲರ್ ಪಿಕ್ಕರ್ ಒಂದೇ ಪಿಕ್ಸೆಲ್ ಓದದೆ ಸುತ್ತಲಿನ ಸರಾಸರಿ ಓದುವ ಹಾಗೆ ಇಟ್ಟುಕೊಳ್ಳಿ. ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ಶುಭ್ರ ಕಾಗದ 245, 240, 230 ಇದೆ, ಕಲೆಯಾದ ಕಾಗದ 225, 205, 160 ಇದೆ ಅಂದುಕೊಳ್ಳಿ. ಕಲೆಯ ಅಂಕಿಯನ್ನು ಕಾಗದದ ಅಂಕಿಯಿಂದ ಭಾಗಿಸಿ, 255ರಿಂದ ಗುಣಿಸಿ. 234, 218, 177 ಬರುತ್ತದೆ. ಈ ಬಣ್ಣ ತುಂಬಿದ ಲೇಯರನ್ನು Divide ಮಾಡಿ, ಕಪ್ಪು ಮಾಸ್ಕ್ ಹಾಕಿ, ಕಲೆಯಿದ್ದಲ್ಲಿ ಮಾತ್ರ ಬಿಳಿ ಬಳಿಯಿರಿ. ಕಾಗದದ ಜೊತೆಗೆ ಶಾಯಿಯ ಮೇಲಿನ ಕಲೆಯೂ ತಿಳಿಯಾಗುತ್ತದೆ. ನೀರಿನ ಕಲೆಯ ಅಂಚಿನಲ್ಲಿ ಗಾಢವಾದ ಗೆರೆ ಕಟ್ಟಿರುತ್ತದೆ. ಅದಕ್ಕೆ ಬೇರೆ ಅಳತೆ, ಬೇರೆ ಲೇಯರ್ ಬೇಕು.

ಈಗ ಶಾಯಿ. ಚೆನ್ನಾಗಿರುವ ಕೆಂಪು 150, 30, 40. ಮಾಸಿದ ಜಾಗದ ನಡುವೆ 190, 90, 95. ಇಲ್ಲಿ ಒಳ್ಳೆಯದನ್ನು ಮಾಸಿದ್ದರಿಂದ ಭಾಗಿಸಬೇಕು:

```
150 / 190 × 255 = 201
 30 /  90 × 255 =  85
 40 /  95 × 255 = 107
```

ಈ ಬಣ್ಣದ ಲೇಯರನ್ನು Multiply ಮಾಡಿ, ಕಪ್ಪು ಮಾಸ್ಕ್ ಹಾಕಿ. ಮೂರೂ ಚಾನೆಲ್‌ಗಳನ್ನು ಬೇರೆ ಬೇರೆ ಲೆಕ್ಕ ಹಾಕಿದ್ದರಿಂದ ಗಾಢತೆಯ ಜೊತೆಗೆ ಬಣ್ಣದ ಛಾಯೆಯೂ ಸರಿಹೋಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಒಳಗೆ ಬೇರೆ ಬಗೆಯಲ್ಲಿ ಗುಣಿಸುತ್ತವೆ, ಹಾಗಾಗಿ ಮತ್ತೆ ಅಳೆದು ನೋಡಿ. 30ರ ಬದಲು 25 ಬಂದರೆ ಲೇಯರಿನ ಹಸಿರು ಅಂಕಿಯನ್ನು ಸ್ವಲ್ಪ ಏರಿಸಿ.

ಸಮಯ ಹಿಡಿಯುವುದು ಮಾಸ್ಕ್. ಮಾಸಿದ ಜಾಗ ನಡುವೆ ಜಾಸ್ತಿ ಬಿಳಚಿಕೊಂಡು, ಅಂಚಿಗೆ ಬರುತ್ತಾ ಕಡಿಮೆಯಾಗುತ್ತದೆ. ಮೆತ್ತನೆಯ ಬ್ರಷ್ ಹಿಡಿದು, ಒಪಾಸಿಟಿ 10–15% ಇಟ್ಟು, ನಡುವಿನಿಂದ ಹೊರಕ್ಕೆ ಹಲವು ಸಲ ಬಳಿಯಿರಿ. ಬ್ರಷ್ ಲೋಗೊದ ಆಚೆ ಹೋಗದಂತೆ ಮೊದಲೇ ಸೆಲೆಕ್ಷನ್ ಮಾಡಿಕೊಳ್ಳಿ. ಹಸಿರು ಚಾನೆಲ್ ಒಂದನ್ನೇ ತೆರೆದು ಮಾಡಿದರೆ ಸುಲಭ, ಕೆಂಪು ಶಾಯಿ ಅಲ್ಲಿ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತದೆ. ಸ್ಕ್ಯಾನಿನಲ್ಲಿ ಯಾವ ಅಂಚೂ ಕತ್ತರಿಸಿದ ಹಾಗೆ ಇರುವುದಿಲ್ಲ, ಎರಡು ಮೂರು ಪಿಕ್ಸೆಲ್‌ಗಳಲ್ಲಿ ಕರಗುತ್ತದೆ. ಅದಕ್ಕೇ ಸೆಲೆಕ್ಷನ್ನಿಗೆ ಒಂದು ಪಿಕ್ಸೆಲ್ ಫೆದರ್ ಕೊಡಿ. ಸೆಲೆಕ್ಷನ್ ಹೊರಗೆ ಚಾಚಿದ್ದರೆ ಕಾಗದದ ಮೇಲೆ ಗುಲಾಬಿ ಅಂಚು ಮೂಡುತ್ತದೆ. ಒಳಗೆ ಸರಿದಿದ್ದರೆ ಅಕ್ಷರದ ಅಂಚಿನುದ್ದಕ್ಕೂ ತೆಳು ಗೆರೆ ಉಳಿಯುತ್ತದೆ.

ಸರಿಯಾಯಿತೇ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಎಲ್ಲಕ್ಕಿಂತ ಮೇಲೆ ಒಂದು Curves ಲೇಯರ್ ಇಟ್ಟು, ಗೆರೆಯನ್ನು ತುಂಬ ಕಡಿದಾಗಿಸಿ, ಕಾಂಟ್ರಾಸ್ಟ್ ಅತಿಯಾಗುವಷ್ಟು ಎಳೆಯಿರಿ. ತಿದ್ದಿದ ಜಾಗ ದ್ವೀಪದ ಹಾಗೆ ಎದ್ದು ಕಂಡರೆ ಮಾಸ್ಕ್ ಇನ್ನೂ ಕೂತಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಲೇಯರನ್ನು ಅಳಿಸಿ. ಬಣ್ಣ ಹೊಂದಿದ್ದರೂ ಆ ಜಾಗ ನುಣುಪಾಗಿ ಕಂಡರೆ ಅಲ್ಲಿಗೆ ಮಾತ್ರ ಒಂದಿಷ್ಟು ನಾಯ್ಸ್ ಸೇರಿಸಿ.

ಶಾಯಿ ಪೂರ್ತಿ ಉದುರಿ ಬರೀ ಕಾಗದ ಉಳಿದಿರುವ ಕಡೆ ಈ ಗುಣಾಕಾರ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಗಾಢ ಮಾಡಲು ಶಾಯಿಯೇ ಇಲ್ಲ, ಕಾಗದದ ನಾರು ಮಾತ್ರ ಕೆಂಪಾಗುತ್ತದೆ. ಅಂಥ ಜಾಗಕ್ಕೆ ಅದೇ ಲೋಗೊದ ಗಟ್ಟಿ ಭಾಗದಿಂದ ಒಂದು ತುಣುಕನ್ನು ಕ್ಲೋನ್ ಮಾಡಿ ತಂದು ಕೂರಿಸಿ, ಅದರ ಸುತ್ತ ಮಾಸಿದ ಭಾಗಕ್ಕೆ ಮಾತ್ರ Multiply ಬಳಸಿ.