ಬಾಡಿಗೆ ಅಗ್ರಿಮೆಂಟ್ ಗಂಡನ ಹೆಸರಲ್ಲಿದೆ, ಹೆಂಡತಿಯ ಆಧಾರ್ ವಿಳಾಸ ಬದಲಿಸುವುದು ಹೇಗೆ?

ಕಾರವಾರದಲ್ಲಿ ಬಾಡಿಗೆ ಮನೆಗೆ ಅಗ್ರಿಮೆಂಟ್ ಆದರೆ ಅದು ಆಗುವುದು ಒಬ್ಬರ ಹೆಸರಿನಲ್ಲಿ. ಕರೆಂಟ್ ಬಿಲ್ಲು ಹೆಸ್ಕಾಂನಿಂದ ಮನೆ ಮಾಲೀಕರ ಹೆಸರಿಗೇ ಬರುತ್ತದೆ. ಹಾಗಾಗಿ ಮನೆಯಲ್ಲಿರುವ ಉಳಿದವರ ಹತ್ತಿರ "ನಾನು ಇಲ್ಲಿದ್ದೇನೆ" ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಇಂಥವರಿಗಾಗಿಯೇ ಆಧಾರ್‌ನಲ್ಲಿ 2023ರಿಂದ ಒಂದು ದಾರಿ ಇದೆ: ಕುಟುಂಬದ ಮುಖ್ಯಸ್ಥರ ಆಧಾರ್ ಆಧಾರವಾಗಿ ವಿಳಾಸ ಬದಲಿಸುವುದು. ಆನ್‌ಲೈನ್‌ನಲ್ಲೇ ಆಗುತ್ತದೆ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿದರೆ ದುಡ್ಡು ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ಕುಮಟಾದವರು. ಗಂಡನಿಗೆ ಕಾರವಾರದಲ್ಲಿ ಕೆಲಸ, ಕಾಜುಬಾಗದಲ್ಲಿ ಬಾಡಿಗೆ ಮನೆ, ಅಗ್ರಿಮೆಂಟ್ ಅವರ ಹೆಸರಲ್ಲಿ. ಹೆಂಡತಿಯ ಆಧಾರ್‌ನಲ್ಲಿ ಈಗಲೂ ಕುಮಟಾದ ತವರಿನ ವಿಳಾಸ.

ಮೊದಲು ಗಂಡನ ಆಧಾರ್ ಸರಿಯಾಗಬೇಕು

ಇಲ್ಲಿ "ಮುಖ್ಯಸ್ಥ" ಅಂದರೆ ಮನೆಯ ಯಜಮಾನ ಅಂತೇನೂ ಅಲ್ಲ. 18 ವರ್ಷ ದಾಟಿದ, ಯಾರ ವಿಳಾಸವನ್ನು ನೀವು ಹಂಚಿಕೊಳ್ಳುತ್ತೀರೋ ಅವರು, ಅಷ್ಟೇ. ಗಂಡ, ಹೆಂಡತಿ, ತಂದೆ, ತಾಯಿ, ಒಡಹುಟ್ಟಿದವರು ಆಗಬಹುದು. ಮನೆ ಮಾಲೀಕರು ಆಗುವುದಿಲ್ಲ. ಅವರು ಎಷ್ಟೇ ಹತ್ತಿರದವರಾದರೂ ಸಂಬಂಧ ತೋರಿಸುವ ದಾಖಲೆ ಬೇಕಲ್ವಾ?

ಈ ವ್ಯವಸ್ಥೆ ಮಾಡುವುದು ಒಂದೇ ಕೆಲಸ: ಮುಖ್ಯಸ್ಥರ ಆಧಾರ್‌ನಲ್ಲಿ ಇರುವ ವಿಳಾಸವನ್ನು ಎತ್ತಿ ನಿಮ್ಮ ಆಧಾರ್‌ಗೆ ಹಾಕುತ್ತದೆ. ಗಂಡನ ಆಧಾರ್‌ನಲ್ಲಿ ಇನ್ನೂ ಕುಮಟಾ ಇದ್ದರೆ ಹೆಂಡತಿಗೂ ಕುಮಟಾವೇ ಬರುತ್ತದೆ, ಅದೂ ಗಂಡನ ಮನೆಯದು. ಆದ್ದರಿಂದ ಗಂಡ ಮೊದಲು ತನ್ನ ಅಗ್ರಿಮೆಂಟ್‌ನ ಎಲ್ಲ ಪುಟಗಳನ್ನು ಒಂದೇ ಪಿಡಿಎಫ್ ಮಾಡಿ ಹಾಕಿ ವಿಳಾಸ ಬದಲಿಸಿಕೊಳ್ಳಬೇಕು, ಅದು ಪೂರ್ತಿ ಆಗುವ ತನಕ ಹೆಂಡತಿ ಕಾಯಬೇಕು. "ಅರ್ಜಿ ಹಾಕಿ ಆಗಿದೆ" ಅಂದರೆ ಸಾಲದು.

ಆದ ಮೇಲೆ ಗಂಡನ ಇ-ಆಧಾರ್ ಇಳಿಸಿಕೊಂಡು ವಿಳಾಸದ ಸಾಲುಗಳನ್ನು ಕಣ್ಣಿಟ್ಟು ಓದಿ. ಮನೆ ನಂಬರು, ಪಿನ್‌ಕೋಡ್, ಇಂಗ್ಲಿಷ್ ಮತ್ತು ಕನ್ನಡ ಎರಡೂ. ಯಾಕೆಂದರೆ ಹೆಂಡತಿ ಅರ್ಜಿ ತುಂಬುವಾಗ ಗಂಡನ ವಿಳಾಸ ಪರದೆಯ ಮೇಲೆ ಕಾಣುವುದಿಲ್ಲ. ಗೋಪ್ಯತೆಗಾಗಿ ಹಾಗೆ ಮಾಡಿದ್ದಾರೆ. ಅಲ್ಲಿ ತಪ್ಪಿದ್ದರೆ ಅದೇ ತಪ್ಪು ಇಲ್ಲಿಗೂ ಬರುತ್ತದೆ, ಆಮೇಲೆ ಇಬ್ಬರದ್ದೂ ತಿದ್ದಿಸಬೇಕು.

ಇನ್ನೊಂದು, ಇಬ್ಬರ ಮೊಬೈಲ್ ನಂಬರೂ ಅವರವರ ಆಧಾರ್‌ಗೆ ಜೋಡಣೆ ಆಗಿರಬೇಕು. ಇಬ್ಬರೂ ಬೇರೆ ಬೇರೆಯಾಗಿ ಒಟಿಪಿ ಹಾಕಿ ಒಳಗೆ ಹೋಗಬೇಕಾಗುತ್ತದೆ. ಹಳೇ ಸಿಮ್ ಬಿಸಾಡಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರು ಹಾಕಿಸಿ.

ಸಂಬಂಧದ ದಾಖಲೆ: ಜಾಸ್ತಿ ಜನ ಸಿಕ್ಕಿಬೀಳುವ ಜಾಗ

ವಿಳಾಸದ ದಾಖಲೆ ಬೇಡ, ಆದರೆ ಸಂಬಂಧದ ದಾಖಲೆ ಬೇಕು. ಅದರಲ್ಲಿ ಇಬ್ಬರ ಹೆಸರೂ, ಇಬ್ಬರ ನಡುವಿನ ಸಂಬಂಧವೂ ಇರಬೇಕು. ರೇಷನ್ ಕಾರ್ಡ್, ಮದುವೆ ಪ್ರಮಾಣಪತ್ರ, ಪಾಸ್‌ಪೋರ್ಟ್ ಇಂಥವು ನಡೆಯುತ್ತವೆ.

ಎಲ್ಲರೂ ಮೊದಲು ಕೈಹಾಕುವುದು ರೇಷನ್ ಕಾರ್ಡಿಗೆ. ಅಲ್ಲೊಂದು ತೊಡಕಿದೆ. ರೇಷನ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ನಮ್ಮ ಉದಾಹರಣೆಯಲ್ಲಿ ಅದು ಕುಮಟಾದಲ್ಲಿರುವ ಅತ್ತೆ. ಕಾರ್ಡಿನಲ್ಲಿ ಗಂಡ "ಮಗ", ಹೆಂಡತಿ "ಸೊಸೆ". ಅಂದರೆ ಇಬ್ಬರಿಗೂ ಅತ್ತೆಯ ಜೊತೆಗಿನ ಸಂಬಂಧ ಬರೆದಿದೆಯೇ ಹೊರತು ಇವರು ಗಂಡ ಹೆಂಡತಿ ಎಂದು ಎಲ್ಲೂ ಬರೆದಿಲ್ಲ. ಪರಿಶೀಲಿಸುವವರು ಊಹೆ ಮಾಡಿಕೊಂಡು ಪಾಸ್ ಮಾಡುತ್ತಾರೆ ಎಂದು ನಂಬಿ ಕೂರಬೇಡಿ. ಇಲ್ಲಿ ಮದುವೆ ಪ್ರಮಾಣಪತ್ರವೇ ಒಳ್ಳೆಯದು. ಅದರಲ್ಲಿ ಕುಮಟಾದ ವಿಳಾಸ ಇದ್ದರೆ ಪರವಾಗಿಲ್ಲ, ವಿಳಾಸಕ್ಕಾಗಿ ಅದನ್ನು ಯಾರೂ ನೋಡುವುದಿಲ್ಲ. ಹೆಸರು ಮಾತ್ರ ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ತವರಿನ ಅಡ್ಡಹೆಸರು ಒಂದರಲ್ಲಿ, ಗಂಡನ ಅಡ್ಡಹೆಸರು ಇನ್ನೊಂದರಲ್ಲಿ ಇದ್ದರೆ ಅರ್ಜಿ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಯಾವ ದಾಖಲೆಯೂ ಇಲ್ಲವೇ? ಆಗ ಮುಖ್ಯಸ್ಥರ ಸ್ವಯಂ ಘೋಷಣೆ ನಡೆಯುತ್ತದೆ. ಆಧಾರ್ ಪ್ರಾಧಿಕಾರದ್ದೇ ನಮೂನೆ ಇದೆ, ಅದನ್ನು ಪ್ರಿಂಟ್ ತೆಗೆದು ತುಂಬಿ ಗಂಡ ಸಹಿ ಹಾಕಬೇಕು. ಹೆಂಡತಿ ಸಹಿ ಹಾಕಿದರೆ ಆಗುವುದಿಲ್ಲ. ಬಿಳಿ ಹಾಳೆಯ ಮೇಲೆ ಸುಮ್ನೆ ಬರೆದುಕೊಟ್ಟರೂ ಆಗುವುದಿಲ್ಲ.

ಅರ್ಜಿ ಹಾಕುವುದು

ಹೆಂಡತಿ `myaadhaar.uidai.gov.in` ತೆರೆದು ತನ್ನ ಆಧಾರ್ ನಂಬರು, ಒಟಿಪಿ ಹಾಕಿ ಒಳಗೆ ಹೋಗಬೇಕು. `Address Update` ಒತ್ತಿದರೆ ಎರಡು ದಾರಿ ಕಾಣುತ್ತವೆ. `Head of Family (HoF) Based Address Update` ಆರಿಸಿ. ಗಂಡನ ಆಧಾರ್ ನಂಬರು, ಸಂಬಂಧ, ದಾಖಲೆಯ ಬಗೆ ತುಂಬಿ ಸ್ಕ್ಯಾನ್ ಹಾಕಿ. ಫೈಲು 2 ಎಂಬಿ ಒಳಗಿರಲಿ. ಫೋನಿನಲ್ಲಿ ಫೋಟೊ ಹೊಡೆದು ಹಾಕುವವರು ನಾಲ್ಕೂ ಮೂಲೆ ಕಾಣುವಂತೆ, ಟ್ಯೂಬ್‌ಲೈಟಿನ ಹೊಳಪು ಅಕ್ಷರದ ಮೇಲೆ ಬೀಳದಂತೆ ನೋಡಿಕೊಳ್ಳಿ.

ಶುಲ್ಕ 75 ರೂಪಾಯಿ. 2025ರ ಅಕ್ಟೋಬರಿಗೆ ಮೊದಲು 50 ಇತ್ತು. ಕಟ್ಟಿದ ಮೇಲೆ ಎಸ್‌ಆರ್‌ಎನ್ ಎಂಬ ನಂಬರು ಬರುತ್ತದೆ, ಬರೆದಿಟ್ಟುಕೊಳ್ಳಿ. ಅರ್ಜಿ ಎಲ್ಲಿದೆ ಎಂದು ನೋಡಲು ಅದೇ ಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ

ಈಗ ಗಂಡನ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಅವರು 30 ದಿನದೊಳಗೆ ಇದೇ ಪೋರ್ಟಲ್‌ನಲ್ಲಿ ತಮ್ಮ ಆಧಾರ್ ನಂಬರಿನಿಂದ ಒಳಗೆ ಹೋಗಿ `My Head of Family (HoF) Requests` ಎಂಬಲ್ಲಿ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅರ್ಜಿ ತನ್ನಷ್ಟಕ್ಕೆ ಮುಚ್ಚಿಹೋಗುತ್ತದೆ, 75 ರೂಪಾಯಿ ವಾಪಸ್ ಇಲ್ಲ. ಸೈಬರ್ ಅಂಗಡಿಯಲ್ಲಿ ಮಾಡಿಸುವವರಿಗೆ ಈ ಹಂತವನ್ನು ಎಷ್ಟೋ ಸಲ ಯಾರೂ ಹೇಳುವುದೇ ಇಲ್ಲ, ಅಂಗಡಿಯವನು ರಸೀದಿ ಕೈಗಿಟ್ಟು ಕಳಿಸುತ್ತಾನೆ, ಇವರು ತಿಂಗಳುಗಟ್ಟಲೆ ಕಾಯುತ್ತಾರೆ. ಗಂಡ ಹಡಗಿನ ಕೆಲಸಕ್ಕೋ ಗಲ್ಫಿಗೋ ಹೋಗುವವರಾದರೆ ಅವರು ಮನೆಯಲ್ಲಿರುವಾಗಲೇ ಅರ್ಜಿ ಹಾಕಿ, ಪಕ್ಕದಲ್ಲೇ ಕೂತು ಒಪ್ಪಿಗೆಯನ್ನೂ ಕೊಡಿಸಿಬಿಡಿ.

ಒಪ್ಪಿಗೆ ಆದ ಮೇಲೆ ದಾಖಲೆಯ ಪರಿಶೀಲನೆ ನಡೆಯುತ್ತದೆ. ತಿರಸ್ಕಾರವಾದರೆ ಎಸ್‌ಆರ್‌ಎನ್ ಹಾಕಿ ನೋಡಿ, ಅಥವಾ 1947ಕ್ಕೆ ಫೋನ್ ಮಾಡಿ ಕಾರಣ ಕೇಳಿ. ಕಾರಣ ತಿಳಿಯದೆ ಅದೇ ಕಾಗದವನ್ನು ಮತ್ತೆ ಹಾಕಿದರೆ ಮತ್ತೆ ಅದೇ ಉತ್ತರ. ಪಾಸ್ ಆದರೆ ಹೊಸ ಇ-ಆಧಾರ್ ಇಳಿಸಿಕೊಳ್ಳಿ. ಅದರ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ವೋಟರ್ ಕಾರ್ಡು, ರೇಷನ್ ಕಾರ್ಡು ಇದರ ಜೊತೆ ಬದಲಾಗುವುದಿಲ್ಲ, ಅವಕ್ಕೆ ಬೇರೆ ಅರ್ಜಿ.

ಒಬ್ಬರೇ ಇದ್ದರೆ?

ಶಿರಸಿಯಲ್ಲಿ ರೂಮು ಮಾಡಿಕೊಂಡು ಒಬ್ಬರೇ ಇರುವವರಿಗೆ, ಬಾಯಿಮಾತಿನ ಬಾಡಿಗೆಯವರಿಗೆ ಈ ದಾರಿ ಆಗುವುದಿಲ್ಲ. ಅವರಿಗೆ ಇರುವುದು ಆಧಾರ್‌ನ ನಿಗದಿತ ನಮೂನೆಯ ಪ್ರಮಾಣಪತ್ರ. ಗೆಜೆಟೆಡ್ ಅಧಿಕಾರಿ, ಶಾಸಕರು ಅಥವಾ ನಗರಸಭೆ ಸದಸ್ಯರಿಂದ ಅದಕ್ಕೆ ಸಹಿ ಮಾಡಿಸಬಹುದು. ಕೊಟ್ಟ ದಿನದಿಂದ ಮೂರು ತಿಂಗಳು ಮಾತ್ರ ಅದು ನಡೆಯುತ್ತದೆ. ಸಹಿ ಮತ್ತು ಮೊಹರು ಅಂಟಿಸಿದ ಫೋಟೊದ ಮೇಲೂ ಅರ್ಧ ಬಂದಿರಬೇಕು, ತಾರೀಕು ಖಾಲಿ ಬಿಟ್ಟಿರಬಾರದು, ವೈಟ್ನರ್ ಹಚ್ಚಿರಬಾರದು. ಸಹಿ ಹಾಕಿಸಿಕೊಂಡು ಹೊರಗೆ ಬರುವ ಮುಂಚೆ ಅಲ್ಲೇ ನಿಂತು ಇದನ್ನೆಲ್ಲ ನೋಡಿಕೊಳ್ಳಿ. ಸಾಹೇಬರು ಮತ್ತೆ ಸಿಗುವುದು ಯಾವಾಗಲೋ.