ಹಳೆಯ ಮಾರಿಯೊ, ಹೊಸ ಮಾನಿಟರ್: ಪಿಕ್ಸೆಲ್ ಕೆಡದಂತೆ ಆಡುವುದು ಹೇಗೆ?

ಹಳೆಯ ಮಾರಿಯೊ ಆಟವನ್ನು ಹೊಸ ಮಾನಿಟರ್‌ನ ಪರದೆ ತುಂಬ ಹಿಗ್ಗಿಸಿ, ಸುಮ್ನೆ ಬಲಗಡೆ ಓಡಿಸಿ ನೋಡಿ. ಇಟ್ಟಿಗೆಗಳ ನಡುವಿನ ಕಪ್ಪು ಗೆರೆ ಒಂದು ಕಡೆ ದಪ್ಪಗಿರುತ್ತದೆ, ಪಕ್ಕದಲ್ಲೇ ತೆಳ್ಳಗಿರುತ್ತದೆ. ಓಡುತ್ತಾ ಹೋದಂತೆ ಆ ದಪ್ಪ ತೆಳು ಅದಲುಬದಲಾಗಿ, ಇಡೀ ಗೋಡೆ ನೀರಿನೊಳಗೆ ಇದ್ದಂತೆ ಅಲುಗಾಡುತ್ತದೆ. ಚಿಕ್ಕವರಿದ್ದಾಗ ಡಬ್ಬಾ ಟಿವಿಯಲ್ಲಿ ಆಡಿದ ಆಟ ಹೀಗಿರಲಿಲ್ಲ ಅಲ್ವಾ? ನೆನಪು ಮೋಸ ಮಾಡುತ್ತಿಲ್ಲ. ಚಿತ್ರ ನಿಜಕ್ಕೂ ಕೆಟ್ಟಿದೆ, ಕೆಡಿಸಿದ್ದು ಒಂದು ಭಾಗಾಕಾರದ ಲೆಕ್ಕ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ, ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್‌ಗಳಲ್ಲಿ ಹಲವು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್‌ನ ನಕಲುಗಳು. 1983ರಲ್ಲಿ ಜಪಾನಿನಲ್ಲಿ ಬಂದ ಈ ಯಂತ್ರವೇ ಬೇರೆ ದೇಶಗಳಲ್ಲಿ ಎನ್‌ಇಎಸ್ ಆಯಿತು. ಅದರ ಚಿತ್ರ 256 ಪಿಕ್ಸೆಲ್ ಅಗಲ, 240 ಪಿಕ್ಸೆಲ್ ಎತ್ತರ. ಈಗ ಬಹಳ ಜನರ ಬಳಿ ಇರುವುದು 1920×1080 ಮಾನಿಟರ್. ಇವೆರಡನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ಲೆಕ್ಕ

ಪರದೆಯ ಎತ್ತರ 1080. ಅದನ್ನು 240ರಿಂದ ಭಾಗಿಸಿದರೆ 4.5 ಬರುತ್ತದೆ. ಅಂದರೆ ಆಟದ ಒಂದೊಂದು ಸಾಲಿಗೂ ಪರದೆಯ ನಾಲ್ಕೂವರೆ ಸಾಲು ಸಿಗಬೇಕು. ಆದರೆ ಮಾನಿಟರ್‌ನಲ್ಲಿ ಅರ್ಧ ಪಿಕ್ಸೆಲ್ ಅನ್ನುವುದೇ ಇಲ್ಲ. ಹಾಗಾಗಿ ಒಂದು ಸಾಲಿಗೆ ನಾಲ್ಕು, ಮುಂದಿನದಕ್ಕೆ ಐದು, ಮತ್ತೆ ನಾಲ್ಕು, ಹೀಗೆ ಹಂಚಿಕೆಯಾಗುತ್ತದೆ. ಅಗಲದಲ್ಲೂ ಇದೇ ಕಥೆ. ಟಿವಿಯ 4:3 ಆಕಾರಕ್ಕೆ ಹಿಗ್ಗಿಸಿದರೆ ಚಿತ್ರ 1440 ಪಿಕ್ಸೆಲ್ ಅಗಲವಾಗುತ್ತದೆ, 256ಕ್ಕೆ ಅದು 5.625 ಪಟ್ಟು. ಇಟ್ಟಿಗೆ ಗೋಡೆ ಅಲುಗಾಡುವುದು ಇದರಿಂದಲೇ.

ಇದನ್ನು ಮರೆಮಾಡಲು, ಹಳೆಯ ಯಂತ್ರಗಳ ಆಟವನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಕೆಲವು ಎಮ್ಯುಲೇಟರ್‌ಗಳು ಪಕ್ಕಪಕ್ಕದ ಬಣ್ಣಗಳನ್ನು ಕಲಸಿಬಿಡುತ್ತವೆ. ಆಗ ಅಲುಗಾಟ ಕಡಿಮೆಯಾಗುತ್ತದೆ, ಚಿತ್ರ ಮಾತ್ರ ಮಂಜು ಕವಿದ ಹಾಗೆ ಕಾಣುತ್ತದೆ.

ಇಂಟಿಜರ್ ಸ್ಕೇಲಿಂಗ್ ಅಂದರೆ ಪೂರ್ಣ ಸಂಖ್ಯೆಯಷ್ಟೇ ಪಟ್ಟು ದೊಡ್ಡದು ಮಾಡುವುದು. ನಾಲ್ಕೂವರೆ ಬಿಟ್ಟು ನಾಲ್ಕಕ್ಕೆ ನಿಲ್ಲುತ್ತೇವೆ. 240ರ ನಾಲ್ಕು ಪಟ್ಟು 960. ಮೇಲೆ 60, ಕೆಳಗೆ 60 ಸಾಲು ಕಪ್ಪಾಗಿ ಉಳಿಯುತ್ತವೆ. ಇಷ್ಟು ಜಾಗ ಬಿಟ್ಟುಕೊಡಲು ಮೊದಲು ಮನಸ್ಸಾಗುವುದಿಲ್ಲ. ಹತ್ತು ನಿಮಿಷ ಆಡಿದರೆ ಆ ಪಟ್ಟಿ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ.

ಅಗಲಕ್ಕೆ ಎಷ್ಟು ಪಟ್ಟು? ಎರಡೂ ಕಡೆ ನಾಲ್ಕೇ ಇಟ್ಟರೆ 1024×960 ಆಗುತ್ತದೆ. ಪಿಕ್ಸೆಲ್ ಅಚ್ಚುಕಟ್ಟಾದ ಚೌಕ, ಆದರೆ ಮಾರಿಯೊ ಸಣಕಲಾಗುತ್ತಾನೆ. ಹಳೆಯ ಟಿವಿಯಲ್ಲಿ ಈ ಯಂತ್ರದ ಪಿಕ್ಸೆಲ್ ಚೌಕವಾಗಿರಲಿಲ್ಲ. ಅಮೆರಿಕ, ಜಪಾನಿನ ಟಿವಿಗಳಲ್ಲಿ ಅದರ ಅಗಲ ಮತ್ತು ಎತ್ತರ 8ಕ್ಕೆ 7ರ ಲೆಕ್ಕದಲ್ಲಿತ್ತು. ಇಲ್ಲಿ ಒಂದು ಉಪಾಯ ಇದೆ. ಅಗಲವನ್ನು ಐದು ಪಟ್ಟು ಮಾಡಿ, ಎತ್ತರವನ್ನು ನಾಲ್ಕು ಪಟ್ಟೇ ಬಿಡಿ. ಆಗ 1280×960 ಆಗುತ್ತದೆ. ಎರಡೂ ಪೂರ್ಣ ಸಂಖ್ಯೆ, ಆಕಾರವೂ ಸರಿಯಾಗಿ 4:3. ಮಾರಿಯೊ ಸ್ವಲ್ಪ ದಪ್ಪಗಾಗುತ್ತಾನೆ ನಿಜ. ಆದರೂ 1080 ಪರದೆಗೆ ನಾನು ಆರಿಸಿಕೊಳ್ಳುವುದು ಇದನ್ನೇ. ನಿಮ್ಮದು 2560×1440 ಮಾನಿಟರ್ ಆಗಿದ್ದರೆ ಇನ್ನೂ ಒಳ್ಳೆಯದು. ಎತ್ತರ ಸರಿಯಾಗಿ ಆರು ಪಟ್ಟು ಕೂರುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಇಲ್ಲವೇ ಇಲ್ಲ. ಅಗಲ ಏಳು ಪಟ್ಟು ಇಟ್ಟರೆ ಹಳೆಯ ಟಿವಿಯ ಆಕಾರಕ್ಕೆ ತುಂಬ ಹತ್ತಿರವಾಗುತ್ತದೆ.

ರೆಟ್ರೊಆರ್ಚ್‌ನಲ್ಲಿ ಹೊಂದಿಸುವುದು

ರೆಟ್ರೊಆರ್ಚ್ ಇಂಥ ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ನಡೆಸುವ ಪ್ರೋಗ್ರಾಂ, ಅದರೊಳಗಿನ ಒಂದೊಂದು ಎಮ್ಯುಲೇಟರ್‌ಗೂ ಕೋರ್ ಎಂದು ಹೆಸರು. ಮೊದಲು ವಿಂಡೋಸ್‌ನಲ್ಲಿ ಪರದೆಯ ರೆಸಲ್ಯೂಷನ್ ಮಾನಿಟರ್‌ನ ಸ್ವಂತ ಅಳತೆಯಲ್ಲೇ ಇದೆಯಾ ಎಂದು ನೋಡಿ. 1080 ಮಾನಿಟರ್ ಅನ್ನು 1366×768ಕ್ಕೆ ಇಟ್ಟಿದ್ದರೆ, ಮಾನಿಟರ್ ತಾನೇ ಇನ್ನೊಮ್ಮೆ ಹಿಗ್ಗಿಸುತ್ತದೆ. ಆಮೇಲೆ ನೀವು ಮಾಡುವ ಲೆಕ್ಕಕ್ಕೆಲ್ಲ ಬೆಲೆ ಇರುವುದಿಲ್ಲ.

ಆಟ ಶುರು ಮಾಡಿ, `Quick Menu > Core Options` ಒಳಗೆ ಓವರ್‌ಸ್ಕ್ಯಾನ್ ಕತ್ತರಿಸುವ ಆಯ್ಕೆ ಹುಡುಕಿ. ಹಳೆಯ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಬಿಡುತ್ತಿದ್ದವು. ಅದಕ್ಕೇ ಹಲವು ಆಟಗಳ ಅಂಚಿನಲ್ಲಿ ಕಸದಂಥ ಚುಕ್ಕೆಗಳಿರುತ್ತವೆ. ಮೇಲೆ ಕೆಳಗೆ ಎಂಟೆಂಟು ಸಾಲು ಕತ್ತರಿಸಿದರೆ 224 ಉಳಿಯುತ್ತದೆ, ಅದರ ನಾಲ್ಕು ಪಟ್ಟು 896. ಕತ್ತರಿಸುತ್ತೀರಾ ಬಿಡುತ್ತೀರಾ, ಅದನ್ನು ಈಗಲೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಉಳಿದ ಅಳತೆಯೆಲ್ಲ ಮತ್ತೆ ಮಾಡಬೇಕಾಗುತ್ತದೆ. ಇಲ್ಲಿ ನಾವು 240 ಸಾಲನ್ನೂ ಇಟ್ಟುಕೊಂಡಿದ್ದೇವೆ ಅಂದುಕೊಳ್ಳಿ.

ನಂತರ `Settings > Video > Scaling` ಗೆ ಹೋಗಿ `Integer Scale` ಆನ್ ಮಾಡಿ. `Aspect Ratio` ವನ್ನು `Custom` ಗೆ ಇಡಿ. ಕೆಳಗೆ ಅಗಲ, ಎತ್ತರದ ಸಾಲುಗಳು ಕಾಣುತ್ತವೆ. ಬಾಣದ ಕೀ ಒತ್ತಿದರೆ ಅಳತೆ ಒಂದೊಂದೇ ಪಟ್ಟು ಹೆಚ್ಚು ಕಡಿಮೆ ಆಗುತ್ತದೆ. ಅಗಲ 1280, ಎತ್ತರ 960 ಬರುವವರೆಗೆ ಒತ್ತಿ. ವಿಡಿಯೊ ಸೆಟ್ಟಿಂಗ್‌ನಲ್ಲಿರುವ `Bilinear Filtering` ಆಫ್ ಮಾಡಿ. ಬಣ್ಣ ಕಲಸುವುದು ಇದೇ.

ಸರಿಯಾಗಿದೆಯಾ ಎಂದು ಬರಿಗಣ್ಣಿನಲ್ಲಿ ಹೇಳುವುದು ಕಷ್ಟ. ಸ್ಕ್ರೀನ್‌ಶಾಟ್ ತೆಗೆದು ಪೇಂಟ್‌ನಲ್ಲಿ 800% ಹಿಗ್ಗಿಸಿ ಎಣಿಸಿ. ಎಣಿಸಬೇಕಾದ್ದು ಪರದೆಯ ಮೇಲೆ ಕಂಡ ಚಿತ್ರ, ಹಾಗಾಗಿ ವಿಂಡೋಸ್ ಕೀ ಜೊತೆ ಪ್ರಿಂಟ್‌ಸ್ಕ್ರೀನ್ ಒತ್ತಿ. ಆಟದ ಒಂದು ಚುಕ್ಕೆ ಎಲ್ಲೇ ಇದ್ದರೂ 5 ಅಗಲ, 4 ಎತ್ತರ ಇರಬೇಕು. ಒಂದೇ ಒಂದು ಕಡೆ ತಪ್ಪಿದರೂ ಏನೋ ಎಡವಟ್ಟಾಗಿದೆ. ಇದಕ್ಕಿಂತ ಸುಲಭದ ದಾರಿ `240p Test Suite` ಎಂಬ ಉಚಿತ ಪ್ರೋಗ್ರಾಂ. ಎನ್‌ಇಎಸ್‌ಗೂ ಅದರ ಆವೃತ್ತಿ ಇದೆ, ಆಟದಂತೆಯೇ ತೆರೆಯಬಹುದು. ಅದರಲ್ಲಿ ಚದುರಂಗದ ಮಣೆಯಂಥ ಚಿತ್ರ ಹಾಕಿ. ಸ್ಕೇಲಿಂಗ್ ತಪ್ಪಿದ್ದರೆ ಮಣೆಯ ಮೇಲೆ ಅಗಲವಾದ ಪಟ್ಟೆಗಳು ಎದ್ದು ಕಾಣುತ್ತವೆ.

ಪೇಂಟ್‌ನಲ್ಲಿ ಲೆಕ್ಕ ಸರಿಯಿದ್ದು, ಪರದೆಯ ಮೇಲೆ ಮಾತ್ರ ತಪ್ಪಿದರೆ? ನನಗೆ ಹೀಗೇ ಆಗಿತ್ತು. ಎಚ್‌ಡಿಎಂಐ ಕೇಬಲ್ ಹಾಕಿ ಹಾಲ್‌ನ ದೊಡ್ಡ ಟಿವಿಗೆ ಜೋಡಿಸಿದ್ದೆ. ಒಂದು ಸಂಜೆಯೆಲ್ಲ ರೆಟ್ರೊಆರ್ಚ್ ಸೆಟ್ಟಿಂಗ್ ತಿರುವಿದೆ. ಕೊನೆಗೆ ನೋಡಿದರೆ ಟಿವಿಯೇ ಚಿತ್ರವನ್ನು ಒಂಚೂರು ಹಿಗ್ಗಿಸಿ ಅಂಚು ಕತ್ತರಿಸುತ್ತಿತ್ತು. ಟಿವಿಯ ಚಿತ್ರದ ಮೆನುವಿನಲ್ಲಿ `Just Scan` ಅಥವಾ `Screen Fit` ಎಂಬ ಹೆಸರಿನ ಆಯ್ಕೆ ಇದ್ದರೆ ಅದನ್ನು ಆರಿಸಿ. ಶಾರ್ಪ್‌ನೆಸ್ ಕೂಡ ತಗ್ಗಿಸಿ, ಜಾಸ್ತಿ ಇದ್ದರೆ ಪ್ರತಿ ಚುಕ್ಕೆಯ ಸುತ್ತ ಬಿಳಿ ಅಂಚು ಮೂಡುತ್ತದೆ.

ಸ್ಕ್ಯಾನ್‌ಲೈನ್ ಎಲ್ಲಿಂದ ಬಂತು

ಅಳತೆ ಸರಿಯಾಯಿತು, ಇನ್ನು ಹಳೆಯ ಟಿವಿಯಲ್ಲಿ ಕಾಣುತ್ತಿದ್ದ ಅಡ್ಡ ಗೆರೆಗಳನ್ನು ತರೋಣ. ಪಿಕ್ಚರ್ ಟ್ಯೂಬ್ ಟಿವಿ ಚಿತ್ರವನ್ನು ಎರಡು ಸರದಿಯಲ್ಲಿ ಬರೆಯುತ್ತಿತ್ತು. ಮೊದಲ ಸರದಿಯಲ್ಲಿ ಒಂದು ಬಿಟ್ಟು ಒಂದು ಗೆರೆ, ಎರಡನೆಯದರಲ್ಲಿ ನಡುವೆ ಉಳಿದ ಗೆರೆಗಳು. ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಎರಡೂ ಸೇರಿ 525 ಗೆರೆ. ಹಾಗಾಗಿ ಒಂದು ಸರದಿಗೆ 262 ಮತ್ತು ಇನ್ನರ್ಧ ಗೆರೆ. ಆ ಅರ್ಧ ಗೆರೆಯಿಂದಲೇ ಮುಂದಿನ ಸರದಿ ಸ್ವಲ್ಪ ಸರಿದು ನಡುವಿನ ಜಾಗಕ್ಕೆ ಬೀಳುತ್ತಿತ್ತು. ಫ್ಯಾಮಿಕಾಮ್ ಈ ಅರ್ಧ ಗೆರೆಯನ್ನು ಕೈಬಿಟ್ಟು, ಪ್ರತಿ ಸಲವೂ 262 ಗೆರೆ ಕಳಿಸುತ್ತಿತ್ತು. ಆಗ ಎರಡು ಸರದಿಯೂ ಒಂದೇ ಜಾಗದ ಮೇಲೆ ಬಿದ್ದವು. ನಡುವಿನ ಜಾಗ ಕಪ್ಪಾಗಿಯೇ ಉಳಿಯಿತು. ಆ ಕಪ್ಪು ಗೆರೆಗಳನ್ನೇ ನಾವು ಇವತ್ತು ಸ್ಕ್ಯಾನ್‌ಲೈನ್ ಎನ್ನುತ್ತೇವೆ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ತುಂಬ ಇಷ್ಟವಾದದ್ದು. ಟ್ಯೂಬಿನಲ್ಲಿ ಬೆಳಕು ಜಾಸ್ತಿಯಾದಷ್ಟೂ ಗೆರೆ ದಪ್ಪವಾಗುತ್ತದೆ. ಬಿಳಿ ಮೋಡದ ಮೇಲೆ ಕಪ್ಪು ಗೆರೆ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಗಾಢ ಬಣ್ಣದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲ ಕಡೆ ಒಂದೇ ದಪ್ಪದ ಕಪ್ಪು ಗೆರೆ ಎಳೆಯುವ ಫಿಲ್ಟರ್‌ಗಳು ಕಿಟಕಿಯ ಸರಳಿನ ಹಾಗೆ ಕಾಣುವುದು ಇದಕ್ಕೇ.

ಫಿಲ್ಟರ್ ಹಾಕುವುದು

`Online Updater` ಒಳಗಿನ `Update Slang Shaders` ಒತ್ತಿ, ಚಿತ್ರಕ್ಕೆ ಇಂಥ ಫಿಲ್ಟರ್ ಹಾಕುವ ಶೇಡರ್‌ಗಳನ್ನು ಇಳಿಸಿಕೊಳ್ಳಿ. ಇವು ಕೆಲಸ ಮಾಡಲು `Settings > Drivers > Video` ದಲ್ಲಿ `vulkan`, `glcore` ಅಥವಾ `d3d11` ಇರಬೇಕು. ಬದಲಿಸಿದರೆ ರೆಟ್ರೊಆರ್ಚ್ ಅನ್ನು ಒಮ್ಮೆ ಮುಚ್ಚಿ ತೆರೆಯಿರಿ. ಆಟದೊಳಗೆ `Quick Menu > Shaders` ಗೆ ಹೋಗಿ ಈ ಪ್ರಿಸೆಟ್ ಆರಿಸಿ:

```
shaders_slang/crt/crt-easymode.slangp
```

ನೂರಾರು ಶೇಡರ್ ಇದ್ದರೂ ಇದನ್ನು ಹೇಳಲು ಕಾರಣ ಇದೆ. ಇದು ಹಗುರ, ಮತ್ತು ಬೆಳಕಿಗೆ ತಕ್ಕಂತೆ ಗೆರೆಯ ದಪ್ಪ ಬದಲಿಸುತ್ತದೆ. ಪರದೆಯನ್ನು ಉಬ್ಬಿದ ಗಾಜಿನಂತೆ ಬಾಗಿಸುವುದಿಲ್ಲ. ಬಾಗಿಸುವ ಶೇಡರ್‌ಗಳು ನೋಡಲು ಚೆಂದ, ಆದರೆ ಬಾಗಿದ ಕೂಡಲೇ ನಮ್ಮ ನಾಲ್ಕು ಪಟ್ಟಿನ ಲೆಕ್ಕ ಮುರಿಯುತ್ತದೆ. 1080 ಪರದೆಯಲ್ಲಿ ಅಲೆಅಲೆಯಾದ ಪಟ್ಟೆಗಳು ಏಳುತ್ತವೆ.

ಈಗ `Shader Parameters` ತೆರೆಯಿರಿ. ಮೂರನ್ನು ಮಾತ್ರ ಮುಟ್ಟೋಣ. ಟ್ಯೂಬ್ ಪರದೆಯ ಬಣ್ಣದ ಚುಕ್ಕೆಗಳ ಜಾಲರಿಯನ್ನು ಅನುಕರಿಸುವ `Mask Strength` ಅನ್ನು ಸೊನ್ನೆಗೆ ತನ್ನಿ, ಸ್ಕ್ಯಾನ್‌ಲೈನ್ ಒಂದೇ ಹೇಗೆ ಕಾಣುತ್ತದೆ ಎಂದು ಮೊದಲು ತಿಳಿಯಲಿ. `Scanline Strength` ಅನ್ನು ಅರ್ಧಕ್ಕೆ ಇಳಿಸಿ, ಅಲ್ಲಿಂದ ನಿಧಾನಕ್ಕೆ ಏರಿಸಿ. ಮಾನಿಟರ್‌ನಿಂದ ಒಂದು ಮೀಟರ್ ದೂರ ಕೂತು ನೋಡಿ. 24 ಇಂಚಿನ ಮಾನಿಟರ್‌ನಲ್ಲಿ ಆಟದ ಒಂದು ಸಾಲು ಸುಮಾರು 1.1 ಮಿಲಿಮೀಟರ್ ಬರುತ್ತದೆ. ಆ ದೂರದಿಂದ ಗೆರೆ ಇದೆ ಅನ್ನುವುದು ತಿಳಿಯಬೇಕು, ಎಣಿಸಲು ಆಗುವಷ್ಟು ಎದ್ದು ಕಾಣಬಾರದು.

ಮೂರನೆಯದು `Brightness Boost`. ನಾಲ್ಕು ಸಾಲಿನಲ್ಲಿ ಒಂದನ್ನು ಪೂರ್ತಿ ಕಪ್ಪು ಮಾಡಿದರೆ ಪರದೆಯ ಕಾಲು ಭಾಗ ಬೆಳಕು ಹೋದಂತೆ. ಇದನ್ನು ತುಂಬಲು ಮೊದಲು ಮಾನಿಟರ್‌ನ ಸ್ವಂತ ಬ್ರೈಟ್‌ನೆಸ್ ಏರಿಸಿ, ಸಾಲದಿದ್ದರೆ ಮಾತ್ರ ಈ ಬೂಸ್ಟ್ ಮುಟ್ಟಿ. ಬೂಸ್ಟ್ ಮಿತಿ ಮೀರಿದರೆ ತಿಳಿ ಬಣ್ಣಗಳೆಲ್ಲ ಒಂದೇ ಬಿಳಿಯಾಗುತ್ತವೆ. ಮಾರಿಯೊದ ಮೋಡದೊಳಗೆ ತೆಳು ನೀಲಿ ಗೆರೆಗಳಿವೆ. ಅವು ಮಾಯವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಕೊನೆಯ ಪರೀಕ್ಷೆಗೆ ಮಾರಿಯೊದ ಖಾಲಿ ನೀಲಿ ಆಕಾಶವೇ ಸಾಕು. ಗೆರೆಗಳೆಲ್ಲ ಒಂದೇ ಸಮ ಕಂಡರೆ ಸರಿ. ಆಕಾಶದಲ್ಲಿ ಅಗಲವಾದ ಗಾಢ ತಿಳಿ ಪಟ್ಟೆ ಕಂಡರೆ ಎತ್ತರ ಪೂರ್ಣ ಸಂಖ್ಯೆಯಲ್ಲಿ ಇಲ್ಲ ಎಂದರ್ಥ. ಇದನ್ನು ಪರದೆಯ ಮೇಲೆಯೇ ನೋಡಿ. ಫೋಟೊ ತೆಗೆದು ಮೊಬೈಲ್‌ನಲ್ಲಿ ನೋಡಿದರೆ ಚಿತ್ರ ಕುಗ್ಗುವಾಗಲೇ ಇಲ್ಲದ ಪಟ್ಟೆಗಳು ಹುಟ್ಟಿಕೊಳ್ಳುತ್ತವೆ. ತೃಪ್ತಿಯಾದರೆ `Shaders` ಮೆನುವಿನ `Save Preset` ಒಳಗೆ `Save Core Preset` ಒತ್ತಿ. ಆ ಕೋರ್‌ನಲ್ಲಿ ಆಡುವ ಎಲ್ಲ ಆಟಕ್ಕೂ ಇದೇ ಬರುತ್ತದೆ.

1366×768 ಲ್ಯಾಪ್‌ಟಾಪ್ ಇರುವವರಿಗೆ ಮೂರು ಪಟ್ಟು, ಅಂದರೆ 720 ಸಾಲು ಸಿಗುತ್ತದೆ. ಮೂರರಲ್ಲಿ ಒಂದು ಗೆರೆ ಕಪ್ಪಾಗುವುದರಿಂದ ಬೆಳಕು ಇನ್ನೂ ಜಾಸ್ತಿ ಹೋಗುತ್ತದೆ. ಅಲ್ಲಿ `Scanline Strength` ಅರ್ಧ ದಾಟಿಸಬೇಡಿ. ಗೇಮ್‌ಬಾಯ್ ಅಡ್ವಾನ್ಸ್‌ನಂಥ ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಆಟಕ್ಕೆ ಸ್ಕ್ಯಾನ್‌ಲೈನ್ ಹಾಕಲೇಬೇಡಿ. ಅವಕ್ಕೆ ಇದ್ದದ್ದು ಎಲ್‌ಸಿಡಿ ಪರದೆ, ಟ್ಯೂಬಲ್ಲ. ಅದರ 240×160 ಚಿತ್ರ 1080 ಮಾನಿಟರ್‌ನಲ್ಲಿ ಆರು ಪಟ್ಟಾಗಿ, 1440×960 ಅಳತೆಯಲ್ಲಿ, ಬರೀ ಇಂಟಿಜರ್ ಸ್ಕೇಲಿಂಗ್‌ನಲ್ಲೇ ಚೊಕ್ಕವಾಗಿ ಕಾಣುತ್ತದೆ.